ಅಡಿಕೆ ದಲಾಲಿ ಅಂಗಡಿಗೆ ಲೆಕ್ಕಪತ್ರದ ಸಾಫ್ಟ್‌ವೇರ್: ಡೆಮೊ ಕೋರಿ

ಶಿರಸಿ
6 ನವೆಂಬರ್ 2025

ಮಾರಾಟ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಶಿರಸಿಯ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮದು ಅಡಿಕೆ ದಲಾಲಿ ಅಂಗಡಿ. ಸಿದ್ದಾಪುರದಲ್ಲಿ ಒಂದು ಶಾಖೆ ಇದೆ. ಯಲ್ಲಾಪುರದ ಪರಿಚಿತ ವ್ಯಾಪಾರಿಯೊಬ್ಬರು ನಿಮ್ಮ ಸಾಫ್ಟ್‌ವೇರ್ ಬಳಸುತ್ತಿದ್ದಾರೆ. ಅವರ ಅಂಗಡಿಯಲ್ಲಿ ಕನ್ನಡದಲ್ಲೇ ಮುದ್ರಣವಾಗಿ ಬಂದ ಪಟ್ಟಿಯನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಕೊಳ್ಳುವ ಮೊದಲು ನಮಗೊಂದು ಡೆಮೊ ಬೇಕು.

ಎರಡೂ ಕಡೆ ಸೇರಿ ನಾವು ಹನ್ನೊಂದು ಜನ. ತೂಕದ ಕಟ್ಟೆಯಲ್ಲಿ ಮೂವರು, ಪಟ್ಟಿ ಬರೆಯುವ ಗುಮಾಸ್ತರು ನಾಲ್ವರು, ಲೆಕ್ಕಿಗರೊಬ್ಬರು, ವಖಾರಿ ನೋಡಿಕೊಳ್ಳುವವರು ಇಬ್ಬರು, ಮತ್ತೆ ನಾನು. ಏಕಕಾಲಕ್ಕೆ ಕಂಪ್ಯೂಟರ್ ಮುಂದೆ ಕೂರುವವರು ಹೆಚ್ಚೆಂದರೆ ಆರು ಮಂದಿ. ನಮ್ಮಲ್ಲಿ ಸುಮಾರು 1,400 ಬೆಳೆಗಾರರ ಖಾತೆಗಳಿವೆ. ಲೆಕ್ಕಿಗರಿಗೆ ಅರವತ್ತೆರಡು ವರ್ಷ. ಕಿರ್ದಿ, ಖಾತಾವಣಿ ಅವರಿಗೆ ಬಾಯಿಪಾಠ, ಇಂಗ್ಲಿಷ್ ಪರದೆ ಕಂಡರೆ ಮಾತ್ರ ಕನ್ನಡಕ ಒರೆಸಲು ತೊಡಗುತ್ತಾರೆ. ಅವರು ಒಪ್ಪದ ಯಾವುದೂ ಈ ಅಂಗಡಿಯಲ್ಲಿ ನಡೆಯುವುದಿಲ್ಲ. ಆದ್ದರಿಂದ ಡೆಮೊ ಕನ್ನಡದಲ್ಲೇ ಇರಲಿ.

ಆರು ವರ್ಷದ ಹಿಂದೆ ಬೇರೊಂದು ಸಂಸ್ಥೆಯ ಸಾಫ್ಟ್‌ವೇರ್ ಹಾಕಿಸಿ ಕೈ ಸುಟ್ಟುಕೊಂಡಿದ್ದೇವೆ. ಒಂದೇ ಊರಿನಲ್ಲಿ ಮೂವರು ಗಣಪತಿ ಹೆಗಡೆಯವರು ನಮ್ಮ ಖಾತೆದಾರರು. ಒಬ್ಬರ ಚಾಲಿಯ ಹಣ ಇನ್ನೊಬ್ಬರ ಬ್ಯಾಂಕ್ ಖಾತೆಗೆ ಹೋಯಿತು. ಪುಣ್ಯಕ್ಕೆ ಅವರೇ ಮರುದಿನ ಅಂಗಡಿಗೆ ಬಂದು ಹಿಂತಿರುಗಿಸಿದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆ ಸಂಸ್ಥೆಯನ್ನು ಬಿಡಲು ಹೊರಟಾಗ. ನಮ್ಮದೇ ಲೆಕ್ಕವನ್ನು ನಮಗೆ ಕೊಡಲು ಅವರು ಹಣ ಕೇಳಿದರು.

ಹೀಗಾಗಿ ಸ್ಲೈಡುಗಳನ್ನು ತೋರಿಸುವುದು ಬೇಡ. ಒಂದು ಲಾಟಿನ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನಮ್ಮ ಕಣ್ಣೆದುರು ಮಾಡಿ ತೋರಿಸಿ. ಚಾಲಿ ಏಳು ಚೀಲ, ಒಟ್ಟು ತೂಕ 4 ಕ್ವಿಂಟಾಲ್ 12 ಕೆಜಿ, ಚೀಲವೊಂದಕ್ಕೆ 1 ಕೆಜಿ ಕಡಿತ. ಟೆಂಡರಿನಲ್ಲಿ ಐವರು ದರ ಬರೆದಿದ್ದಾರೆ, ಹೆಚ್ಚಿನದು ಕ್ವಿಂಟಾಲಿಗೆ ₹38,500. ಬೆಳೆಗಾರರ ಹೆಸರಿನಲ್ಲಿ ₹40,000 ಮುಂಗಡ ಇದೆ, ಐದು ತಿಂಗಳಿಗೆ ವರ್ಷಕ್ಕೆ ಶೇ 12ರಂತೆ ಬಡ್ಡಿ. ಹಮಾಲಿಗೆ ಮೊದಲು ಅವರ ಕೈಗೆ ಬರಬೇಕಾದದ್ದು ₹1,13,925. ಈ ಮೊತ್ತ ನಿಮ್ಮ ಪರದೆಯಲ್ಲಿ ಬಂದರೆ ಅರ್ಧ ಕೆಲಸ ಆದಂತೆ. ಆಮೇಲೆ ಖರೀದಿದಾರರಿಗೆ ಶೇ 5ರ ಜಿಎಸ್‌ಟಿ ಬಿಲ್, ಅದರ ಇ-ಇನ್‌ವಾಯ್ಸ್, ಲಾರಿಗೆ ಇ-ವೇ ಬಿಲ್. ನಮ್ಮ ವಹಿವಾಟು ಐದು ಕೋಟಿ ದಾಟಿರುವುದರಿಂದ ಇ-ಇನ್‌ವಾಯ್ಸ್ ಬಿಟ್ಟು ನಡೆಯುವಂತಿಲ್ಲ.

ರಾಶಿ, ಚಾಲಿ, ಕೆಂಪುಗೋಟು, ತಟ್ಟಿಬೆಟ್ಟೆ ಇವೆಲ್ಲ ಬೇರೆ ಬೇರೆ ಮಾಲುಗಳಾಗಿಯೇ ದಾಸ್ತಾನಿನಲ್ಲಿ ಕಾಣಬೇಕು. ತೂಕದ ಯಂತ್ರದಿಂದ ಅಂಕಿ ನೇರವಾಗಿ ಬರಬೇಕು. ಕೈಯಿಂದ ತಿದ್ದಿದರೆ ಯಾರು, ಯಾವಾಗ ತಿದ್ದಿದರು ಎಂಬುದು ಉಳಿಯಬೇಕು. ಮಳೆಗಾಲದಲ್ಲಿ ಇಲ್ಲಿ ಇಂಟರ್ನೆಟ್ ಹೋದರೆ ಸಂಜೆಯವರೆಗೂ ಬರದ ದಿನಗಳುಂಟು, ಅಂದು ಕೂಡ ಪಟ್ಟಿ ನಿಲ್ಲಬಾರದು. ನಮ್ಮ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲೇ ಕನ್ನಡ ಮೂಡಿದರೆ ಸಂತೋಷ, ಅದು ಕಡ್ಡಾಯವಲ್ಲ. ಹಳೆಯ ಖಾತೆದಾರರ ಪಟ್ಟಿ ನುಡಿಯ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದೆ. ಅದನ್ನು ಯೂನಿಕೋಡಿಗೆ ತರುವ ಕೆಲಸ ನಿಮ್ಮದೋ ನಮ್ಮದೋ ಎಂಬುದನ್ನು ಮೊದಲೇ ಹೇಳಿಬಿಡಿ. ಐವತ್ತು ಹೆಸರುಗಳ ಮಾದರಿ ಕಡತವನ್ನು ಇದರೊಂದಿಗೆ ಲಗತ್ತಿಸಿದ್ದೇನೆ, ಮೊಬೈಲ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ತೆಗೆದಿದ್ದೇನೆ. ಆ ಮೂವರು ಗಣಪತಿ ಹೆಗಡೆಯವರು ಅದರಲ್ಲಿದ್ದಾರೆ.

ಹಣದ ವಿಚಾರ ಮುಚ್ಚಿಡುವುದಿಲ್ಲ. ಮೊದಲ ವರ್ಷಕ್ಕೆ ಪರವಾನಗಿ, ಅಳವಡಿಕೆ, ಹಳೆಯ ಲೆಕ್ಕದ ವರ್ಗಾವಣೆ, ತರಬೇತಿ ಎಲ್ಲ ಸೇರಿ ₹1.5 ಲಕ್ಷದಿಂದ ₹2 ಲಕ್ಷ, ಶೇ 18ರ ಜಿಎಸ್‌ಟಿ ಒಳಗೊಂಡು. ಎರಡನೆಯ ವರ್ಷದಿಂದ ನವೀಕರಣಕ್ಕೆ ₹40,000 ಮೀರುವಂತಿಲ್ಲ. ತಲೆಗಿಷ್ಟು ಎಂದು ದರ ಹಾಕುವುದಾದರೆ ಆರು ಮಂದಿಗೆ ಹಾಕಿ, ಹನ್ನೊಂದಕ್ಕಲ್ಲ. ಮುಂದೊಂದು ದಿನ ನಾವು ಬಿಟ್ಟುಹೋದರೆ ಎಲ್ಲ ಲೆಕ್ಕವನ್ನೂ ಎಕ್ಸೆಲ್ ಕಡತವಾಗಿ ಉಚಿತವಾಗಿ ಕೊಡುವಿರೆಂದು ಕರಾರಿನಲ್ಲೇ ಬರೆದುಕೊಡಬೇಕು. ಇದೊಂದರಲ್ಲಿ ಚೌಕಾಸಿ ಇಲ್ಲ.

ನವೆಂಬರ್ 18ರ ಮಂಗಳವಾರ ಅಥವಾ 20ರ ಗುರುವಾರ ಬೆಳಿಗ್ಗೆ 9ರಿಂದ 10.30ರವರೆಗೆ ನಮಗೆ ಬಿಡುವಿದೆ. ಆಮೇಲೆ ಮಾಲು ಇಳಿಯಲು ಶುರುವಾಗುತ್ತದೆ. ಇಲ್ಲಿಗೇ ಬಂದರೆ ತೂಕದ ಯಂತ್ರವನ್ನೂ ನೋಡಬಹುದು. ಆಗದಿದ್ದರೆ ವಿಡಿಯೊ ಕರೆಯಲ್ಲಾದರೂ ಸರಿ, ಆದರೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಬಲ್ಲ ತಾಂತ್ರಿಕ ಸಿಬ್ಬಂದಿಯೊಬ್ಬರು ಜೊತೆಗಿರಲಿ. ಸಂಕ್ರಾಂತಿಯ ನಂತರ ಆವಕ ಏರುತ್ತದೆ, ಆಗ ಹೊಸದನ್ನು ಕಲಿಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಡಿಸೆಂಬರ್ 10ರೊಳಗೆ ತೀರ್ಮಾನಿಸುತ್ತೇವೆ. ಇನ್ನೂ ಒಂದು ಸಂಸ್ಥೆಯ ಡೆಮೊ ನೋಡುತ್ತಿದ್ದೇವೆ ಎಂಬುದೂ ನಿಮಗೆ ತಿಳಿದಿರಲಿ.

ಯಾವ ದಿನ ಅನುಕೂಲವೆಂದು ಇದೇ ಮಿಂಚಂಚೆಗೆ ಉತ್ತರಿಸಿ.

ವಂದನೆಗಳೊಂದಿಗೆ,
ಸುಬ್ರಾಯ
ವ್ಯವಸ್ಥಾಪಕ