ಆಧುನಿಕ ಮೈಸೂರು: 30ಕ್ಕೆ 15 ಬಂದ ಮೇಲೆ ತಿದ್ದಿದ ಸಾರಾಂಶ

ಟೆಸ್ಟ್‌ಗೆ ಮೊದಲು ಈ ಪಾಠದ ಎರಡು ಪುಟದ ಸಾರಾಂಶವನ್ನು ಮೂರು ಸಲ ಓದಿದ್ದೆ. ಕಣ್ಣು ಮುಚ್ಚಿದರೂ ಸಾಲುಗಳು ಕಾಣುತ್ತಿದ್ದವು. ಆದರೂ ಅರ್ಧದಷ್ಟು ಅಂಕ ಹೋಯಿತು. ಟೈಮ್ ಸಾಲಲಿಲ್ಲ ಅಂತ ಅಮ್ಮನಿಗೆ ಹೇಳಿದ್ದೆ. ಇವತ್ತು ಉತ್ತರ ಪತ್ರಿಕೆಯನ್ನೂ ಹಳೇ ಸಾರಾಂಶವನ್ನೂ ಪಕ್ಕಪಕ್ಕ ಇಟ್ಟು, ಹೋದ ಒಂದೊಂದು ಅಂಕಕ್ಕೂ ಕಾರಣ ಹುಡುಕಿದೆ. ಲೆಕ್ಕ ಹೀಗಿದೆ: ಸಾರಾಂಶದಲ್ಲೇ ಇಲ್ಲದ್ದರಿಂದ ಹೋದದ್ದು 8. ಸಾರಾಂಶದಲ್ಲೇ ಗೊಂದಲ ಇದ್ದದ್ದರಿಂದ 6. ಸಾರಾಂಶದಲ್ಲಿದ್ದೂ ನಾನು ಬರೆಯದೆ ಬಿಟ್ಟದ್ದು ಬರೀ 1. ಟೈಮ್ ಪಾಪ, ಏನೂ ಮಾಡಿಲ್ಲ.

1831 ಮತ್ತು 1881 (2 ಅಂಕದ ಪ್ರಶ್ನೆ, ಸಿಕ್ಕಿದ್ದು 0)

ಹಳೇ ಸಾಲು: "1799 – ಮುಮ್ಮಡಿ ಕೃಷ್ಣರಾಜ ಒಡೆಯರ್. 1831 – ಬ್ರಿಟಿಷ್ ಆಡಳಿತ. 1881 – ಮರಳಿ ಒಡೆಯರ್."

ಮೇಡಂ ಕೆಂಪು ಪೆನ್ನಿನಲ್ಲಿ: "ಏಕೆ ಎಂದು ಕೇಳಿದೆ. ಇಸವಿ ಕೇಳಿಲ್ಲ."

ಹೊಸದು: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗಾದಿಗೆ ಕೂರಿಸಿದರು. 1830–31ರಲ್ಲಿ ಮಲೆನಾಡಿನ ನಗರ ಪ್ರಾಂತ್ಯದ ರೈತರು ತೆರಿಗೆ ಮತ್ತು ಅಧಿಕಾರಿಗಳ ಕಾಟ ತಡೆಯಲಾರದೆ ದಂಗೆ ಎದ್ದರು. ಅದನ್ನು ತೋರಿಸಿ, ಆಡಳಿತ ಕೆಟ್ಟಿದೆ ಎಂಬ ಕಾರಣ ಕೊಟ್ಟು, ಬ್ರಿಟಿಷರು 1831ರಲ್ಲಿ ಅಧಿಕಾರವನ್ನು ತಾವೇ ತೆಗೆದುಕೊಂಡರು. ಕಮಿಷನರ್‌ಗಳ ಆಡಳಿತ 50 ವರ್ಷ ನಡೆಯಿತು. ರಾಜರು ದತ್ತು ತೆಗೆದುಕೊಂಡಿದ್ದ ಚಾಮರಾಜೇಂದ್ರ ಒಡೆಯರನ್ನು ಬ್ರಿಟಿಷರು ಒಪ್ಪಿದ್ದರಿಂದ 1881ರಲ್ಲಿ ರಾಜ್ಯ ವಾಪಸ್ ಬಂತು.

ಕಬ್ಬನ್ (5ಕ್ಕೆ 2)

ಮುಕ್ಕಾಲು ಪುಟ ಬರೆದಿದ್ದೆ. ಎಷ್ಟು ವರ್ಷ ಇದ್ದ, ಎಲ್ಲಿಂದ ಬಂದ, ಕಬ್ಬನ್ ಪಾರ್ಕು, ಎಲ್ಲ. ಮೇಡಂ ಅಡ್ಡ ಗೆರೆ ಎಳೆದು "ಸುಧಾರಣೆ ಎಲ್ಲಿ?" ಅಂತ ಹಾಕಿದ್ದಾರೆ. ಸಾರಾಂಶದಲ್ಲೂ ಸುಧಾರಣೆ ಇರಲಿಲ್ಲ, ಅಲ್ವಾ, ಬರೆಯೋದೆಲ್ಲಿಂದ.

ಹೊಸದು: ಮಾರ್ಕ್ ಕಬ್ಬನ್, ಕಮಿಷನರ್, 1834–1861. ಹಳೇ ಆಡಳಿತವನ್ನು ಪೂರ್ತಿ ಕಿತ್ತುಹಾಕಲಿಲ್ಲ. ರಾಜ್ಯವನ್ನು ನಾಲ್ಕು ವಿಭಾಗ ಮಾಡಿದ. ಸಣ್ಣಪುಟ್ಟ ತೆರಿಗೆ ಬಹಳಷ್ಟನ್ನು ತೆಗೆದ. ಕಂದಾಯವನ್ನು ಧಾನ್ಯದ ಬದಲು ಹಣದಲ್ಲಿ, ಕಂತಿನಲ್ಲಿ ಕಟ್ಟಲು ಬಿಟ್ಟ. ರಸ್ತೆ, ಸೇತುವೆ, ಕಾಫಿ ಬೆಳೆ. ಬೆಂಗಳೂರು–ಜೋಲಾರಪೇಟೆ ರೈಲಿನ ಕೆಲಸ ಅವನ ಕಾಲದಲ್ಲೇ ಶುರು.

ಪಾರ್ಕಿನ ಸಾಲನ್ನು ತೆಗೆದೆ. ಅವನ ನಂತರ ಬೌರಿಂಗ್, 1862–1870: ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗ. ಎರಡು ಹೆಸರಿಸಿ ಅಂದರೆ ಒಂದೇ ಬರೆದು ಬಂದಿದ್ದೆ. ಆ 1 ಅಂಕ ಇದೇ. ಈ ಸಾಲು ಮೊದಲೇ ಸರಿಯಿತ್ತು, ಹಾಗೇ ಇರಲಿ.

ರಂಗಾಚಾರ್ಲು ಬೇರೆ, ಶೇಷಾದ್ರಿ ಅಯ್ಯರ್ ಬೇರೆ (ಹೋದದ್ದು 3 ಅಂಕ)

ಹಳೇ ಸಾಲು: "ರಂಗಾಚಾರ್ಲು–ಶೇಷಾದ್ರಿ ಅಯ್ಯರ್: ಪ್ರಜಾಪ್ರತಿನಿಧಿ ಸಭೆ, ರೈಲು, ಶಿವನಸಮುದ್ರ."

ಜಾಗ ಉಳಿಸೋಣ ಅಂತ ಇಬ್ಬರು ದಿವಾನರನ್ನೂ ಒಂದೇ ಸಾಲಿಗೆ ತುರುಕಿದ್ದೆ. ಪರೀಕ್ಷೆಯಲ್ಲಿ ಒಂದೇ ಮನುಷ್ಯ ಆಗಿಬಿಟ್ಟರು. ಸಭೆ ಸ್ಥಾಪಿಸಿದ್ದು ಯಾರು ಅಂದರೆ ಶೇಷಾದ್ರಿ ಅಯ್ಯರ್ ಎಂದು ಬರೆದೆ, 1 ಅಂಕ ಹೋಯಿತು. ಶೇಷಾದ್ರಿ ಅಯ್ಯರ್ ಸಾಧನೆ ಕೇಳಿದರೆ ರಂಗಾಚಾರ್ಲು ಮಾಡಿದ್ದನ್ನು ಸೇರಿಸಿದೆ, 2 ಅಂಕ. "ಇದು ಯಾರ ಕಾಲದ್ದು?" ಅಂತ ಎರಡು ಕಡೆ ಇದೆ.

ಹೊಸದು: ರಂಗಾಚಾರ್ಲು, 1881–1883. ಇದ್ದದ್ದು ಎರಡೇ ವರ್ಷ, ಅದಕ್ಕೇ ಪಟ್ಟಿ ಚಿಕ್ಕದು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, ಮೊದಲ ಸಭೆ ದಸರಾ ಹೊತ್ತಿಗೆ. ಬೆಂಗಳೂರು–ಮೈಸೂರು ರೈಲು.

ಶೇಷಾದ್ರಿ ಅಯ್ಯರ್, 1883–1901. ಹದಿನೆಂಟು ವರ್ಷ. ರೈಲು ಮಾರ್ಗ ಹೆಚ್ಚಿಸಿದ್ದು, ಮಾರಿಕಣಿವೆ ಅಣೆಕಟ್ಟಿನ ಕೆಲಸ, ಪ್ಲೇಗ್ ಬಂದ ಕಾಲದಲ್ಲಿ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆ. ಶಿವನಸಮುದ್ರದ ವಿದ್ಯುತ್ ಯೋಜನೆ ಇವರದ್ದೇ. ಆದರೆ 1902ರಲ್ಲಿ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುವಾಗ ಇವರು ಇರಲಿಲ್ಲ.

ನ್ಯಾಯವಿಧಾಯಕ ಸಭೆ 1907. ಇದನ್ನು ಈ ಇಬ್ಬರ ಹತ್ತಿರವೂ ಬರೆಯಬಾರದು.

ವಿಶ್ವೇಶ್ವರಯ್ಯ (10ಕ್ಕೆ 4)

ಮಂಡ್ಯದವನಿಗೆ ಇದರಲ್ಲಿ 4 ಬಂದಿದೆ ಅಂದರೆ ನಗುತ್ತಾರೆ. ಪತ್ರಿಕೆ ನೋಡಿ ತಾತ ನಿಜವಾಗಿಯೂ ನಕ್ಕರು. ನಾನು ಹದಿನಾಲ್ಕು ಸಾಧನೆ ಪಟ್ಟಿ ಮಾಡಿದ್ದೆ. ಅದರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಇತ್ತು! ಮೇಡಂ ಅದಕ್ಕೆ ಸುತ್ತು ಹಾಕಿ "ಇಸವಿ ನೋಡು" ಎಂದಿದ್ದಾರೆ. ಕಾರ್ಖಾನೆ 1933ರದ್ದು. ಇವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. "ಕನ್ನಂಬಾಡಿ ಕಟ್ಟೆ ಕಟ್ಟಿ ಮುಗಿಸಿದರು" ಅನ್ನೋದಕ್ಕೂ ಅದೇ ಸುತ್ತು. ಇಂಥ ತಪ್ಪಿಗೆ 3 ಹೋಯಿತು. ಇನ್ನು 3 "ಪಟ್ಟಿ ಬೇಡ, ವಿವರಿಸು" ಅನ್ನೋದಕ್ಕೆ. ನಮ್ಮೂರಲ್ಲಿ ಒಳ್ಳೇದೆಲ್ಲ ವಿಶ್ವೇಶ್ವರಯ್ಯನವರದೇ. ಆ ಮಾತೇ ಸಾರಾಂಶದಲ್ಲೂ ಸೇರಿಕೊಂಡಿತ್ತು.

ಹೊಸದರಲ್ಲಿ ಸಾಧನೆ ಹದಿನಾಲ್ಕರಿಂದ ಆರಕ್ಕೆ ಇಳಿಸಿದ್ದೇನೆ. ಪ್ರತಿಯೊಂದಕ್ಕೂ ಕಾರಣವೋ ಫಲವೋ ಒಂದು ಇದೆ.

1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದರು. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರು.

ಕೃಷ್ಣರಾಜಸಾಗರ: ಕೆಲಸ 1911ರಲ್ಲಿ ಶುರು, ಅಂದರೆ ದಿವಾನರಾಗುವ ಮೊದಲೇ. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಬೇಕಿತ್ತು, ಬಯಲಿಗೆ ನೀರಾವರಿಯೂ ಬೇಕಿತ್ತು. ಒಂದು ಕಟ್ಟೆಯಿಂದ ಎರಡೂ ಕೆಲಸ. ಮುಗಿಯುವ ಹೊತ್ತಿಗೆ ಇವರು ದಿವಾನರಲ್ಲ.

ಮೈಸೂರು ಬ್ಯಾಂಕ್, 1913: ವ್ಯಾಪಾರಕ್ಕೂ ಕೈಗಾರಿಕೆಗೂ ಸಾಲ ಸಿಗಲಿ ಎಂದು.

ಕನ್ನಡ ಸಾಹಿತ್ಯ ಪರಿಷತ್ತು, 1915: ಹಂಚಿಹೋಗಿದ್ದ ಕನ್ನಡಿಗರಿಗೆ ಒಂದು ವೇದಿಕೆ.

ಮೈಸೂರು ವಿಶ್ವವಿದ್ಯಾಲಯ, 1916: ಅಲ್ಲಿವರೆಗೆ ಇಲ್ಲಿಯ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು.

ಗಂಧದೆಣ್ಣೆ ಮತ್ತು ಸಾಬೂನು: ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಿತು. ಮರ ಇಲ್ಲೇ ಉಳಿಯಿತು. ಹಾಗಾದರೆ ಎಣ್ಣೆ ಇಲ್ಲೇ ತೆಗೆಯೋಣ ಎಂದಾಯಿತು. ಎಣ್ಣೆಯಿಂದ ಸಾಬೂನು. (ಈ ಸಾಲು ನನಗೆ ತುಂಬಾ ಇಷ್ಟ. ಹಳೇದರಲ್ಲಿ ಬರೀ "ಸಾಬೂನು ಕಾರ್ಖಾನೆ" ಎಂದಿತ್ತು.)

ಭದ್ರಾವತಿ ಕಬ್ಬಿಣದ ಕಾರ್ಖಾನೆ: ಕೆಲಸ ಇವರ ಕಾಲದಲ್ಲಿ, ಉತ್ಪಾದನೆ 1923ರಲ್ಲಿ.

ದಿವಾನಗಿರಿ ಬಿಟ್ಟದ್ದು ಏಕೆ: ಸರ್ಕಾರಿ ಕೆಲಸದಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ವಿಚಾರದಲ್ಲಿ ಭಿನ್ನಾಭಿಪ್ರಾಯ. ಈ ವಿಚಾರಕ್ಕೇ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿತ್ತು.

ಮಿರ್ಜಾ ಇಸ್ಮಾಯಿಲ್ (ಈ ಸಲ ಕೇಳಲಿಲ್ಲ, ಹೊಸದಾಗಿ ಸೇರಿಸಿದ್ದು)

ದಿವಾನರು, 1926–1941. ಮಂಡ್ಯದ ಸಕ್ಕರೆ ಕಾರ್ಖಾನೆ ಈ ಸಾಲಿಗೆ ಬಂತು: 1933, ಅದರ ಹಿಂದೆ ಕೃಷಿ ನಿರ್ದೇಶಕ ಕೋಲ್ಮನ್ ಅವರ ಶ್ರಮ. ಕಟ್ಟೆಯಿಂದ ನಾಲೆ, ನಾಲೆಯಿಂದ ಕಬ್ಬು, ಕಬ್ಬಿಗೆ ಕಾರ್ಖಾನೆ. ನಾಲೆಯ ಮೊದಲ ಹೆಸರು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ತಾತ ಈಗಲೂ "ಇರ್ವಿನ್ ನಾಲೆ ನೀರು ಬಿಟ್ಟವ್ರಾ?" ಅಂತಲೇ ಕೇಳುತ್ತಾರೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಇವರ ಕಾಲದಲ್ಲೇ.