ಧನುರ್ಮಾಸದ 30 ಶಾರ್ಟ್ಸ್: ಭಾನುವಾರ ಬೆಳಗಿನ ಶೂಟಿಂಗ್ ಪ್ಲಾನ್

ದಿನ: ನವೆಂಬರ್ 30, 2025, ಭಾನುವಾರ. ಜಾಗ: ಅತ್ತೆ ಮನೆ, ಮೈಸೂರು. ಬೆಳಗ್ಗೆ 4:45ಕ್ಕೆ ಎಲ್ಲರೂ ಎದ್ದಿರಬೇಕು, 5:15ಕ್ಕೆ ಮೊದಲ ಟೇಕ್. 11:15ಕ್ಕೆ ಕ್ಯಾಮೆರಾ ಬಂದ್.

ಈ ಭಾನುವಾರ ತಪ್ಪಿದರೆ ಕಷ್ಟ. ಸೋಮವಾರ ಏಕಾದಶಿ, ಅತ್ತೆ ಉಪವಾಸ ಇರುತ್ತಾರೆ, ಮಾತಾಡಿಸುವ ಹಾಗಿಲ್ಲ. ಡಿಸೆಂಬರ್ 16ಕ್ಕೆ ಮೊದಲ ವಿಡಿಯೊ ಹೋಗಬೇಕು, ಆಮೇಲೆ ದಿನಕ್ಕೊಂದು; ವಿಡಿಯೊ ನಂಬರ್ ಅಂದರೆ ಧನುರ್ಮಾಸದ ಎಷ್ಟನೇ ದಿನ ಅಂತ. ಎಡಿಟಿಂಗ್‌ಗೆ ನನಗೆ ಎರಡು ವಾರ ಬೇಕೇ ಬೇಕು.

ಕೆಲಸ ಹೀಗೆ. ಮಾತು, ಹಾಡು ಅತ್ತೆಯದು. ಕ್ಯಾಮೆರಾ ನಾನು. ತಂಗಿ ಎರಡನೇ ಮೊಬೈಲ್ ಹಿಡಿದು ಅಡಿಗೆ ಮನೆಯಲ್ಲಿ ಇರುತ್ತಾಳೆ. ಚಿಕ್ಕಮ್ಮನ ಕೈ ಮಾತ್ರ ಕ್ಯಾಮೆರಾದಲ್ಲಿ, ಮುಖ ಬರಲ್ಲ, ಅದು ಅವರದೇ ಷರತ್ತು. ಚಿಕ್ಕಪ್ಪ ನೋಟ್‌ಬುಕ್ ಹಿಡಿಯುತ್ತಾರೆ: ಯಾವ ವಿಡಿಯೊದ ಯಾವ ಟೇಕ್ ಚೆನ್ನಾಗಿ ಬಂತು ಅಂತ ಅಲ್ಲೇ ಬರೆಯೋದು. ಕಳೆದ ಸಲ ನೋಟ್‌ಬುಕ್ ಇರಲಿಲ್ಲ. ಎಲ್ಲ ಟೇಕನ್ನೂ ಮತ್ತೆ ಕೂತು ನೋಡಿ ನನ್ನ ಕಣ್ಣು ಹೋಯ್ತು.

ಅತ್ತೆಯ ಮೂರು ಮಾತು, ಇದರಲ್ಲಿ ಚೌಕಾಸಿ ಇಲ್ಲ

ಆರತಿಗೆ ರಿಟೇಕ್ ಇಲ್ಲ. ಅವರು ದಿನಾ ಮಾಡುವ ಪೂಜೆ ಅದು, ನಮಗೋಸ್ಕರ ಮಾಡುವ ನಾಟಕ ಅಲ್ಲ. ಒಂದೇ ಸಲ ಬೆಳಗುತ್ತಾರೆ. ಬಂದರೆ ಬಂತು, ಇಲ್ಲದಿದ್ದರೆ ಆ ಜಾಗಕ್ಕೆ ದೀಪದ ಶಾಟ್ ಹಾಕೋದು. ಎರಡನೆಯದು, ನೈವೇದ್ಯ ಆಗುವ ತನಕ ಹುಗ್ಗಿಗೆ ಯಾರೂ ಚಮಚ ಹಾಕುವ ಹಾಗಿಲ್ಲ, ಕ್ಯಾಮೆರಾಗೆ ಅಂತಲೂ. ಮೂರನೆಯದು, "ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ" ಅಂತ ದೇವರ ಮುಂದೆ ಕೂತು ಹೇಳಲ್ಲ. ಹೇಳಬೇಕಿದ್ದರೆ ನಾನು ಕಾಮೆಂಟಿನಲ್ಲಿ ಬರೆದುಕೊಳ್ಳಬೇಕು.

ನಂದೂ ಒಂದು ಮಾತಿದೆ. "ಇವತ್ತು", "ನಾಳೆ", "ಮಂಗಳವಾರ" ಯಾವುದೂ ಬಾಯಲ್ಲಿ ಬರಬಾರದು. ಧನುರ್ಮಾಸದ ಮೊದಲ ದಿನ ಕೆಲವರಿಗೆ 16, ಕೆಲವರಿಗೆ 17. ನಾವು 16 ಇಟ್ಟುಕೊಂಡಿದ್ದೇವೆ. ದಿನದ ಹೆಸರು ಹೇಳದಿದ್ದರೆ ಯಾರ ಜೊತೆಗೂ ಜಗಳ ಇಲ್ಲ, ಮುಂದಿನ ವರ್ಷಕ್ಕೂ ಅದೇ ವಿಡಿಯೊ ಆಗುತ್ತೆ.

ಮೊದಲ ಬ್ಯಾಚ್, 5:15ರಿಂದ 6:15: ದೇವರ ಮನೆ, 8 ವಿಡಿಯೊ

ಕತ್ತಲು ಇರುವಾಗಲೇ ಇದು ಮುಗಿಯಬೇಕು. ಕಿಟಕಿಯಲ್ಲಿ ಬೆಳಕು ಬಂತು ಅಂದರೆ ದೀಪದ ಚೆಂದ ಹೋಯ್ತು. ಎರಡು ದೀಪ, ಬದಿಯಲ್ಲಿ ಒಂದು ಸಣ್ಣ ಹಳದಿ ಎಲ್‌ಇಡಿ, ಅದರ ಮೇಲೆ ಬಿಳಿ ಪಂಚೆ. ಎಕ್ಸ್‌ಪೋಷರ್ ಅತ್ತೆ ಮುಖದ ಮೇಲೆ ಲಾಕ್ ಮಾಡಬೇಕು, ಜ್ವಾಲೆಯ ಮೇಲೆ ಅಲ್ಲ. ಇಲ್ಲದಿದ್ದರೆ ಜ್ವಾಲೆ ಅಲುಗಾಡಿದಾಗೆಲ್ಲ ಮುಖ ಕಪ್ಪು ಬಿಳುಪು ಆಗುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಶಟರ್ 1/50 ಅಥವಾ 1/100. ಬೇರೆ ಇಟ್ಟರೆ ಬಲ್ಬು ಪಟಪಟ ಮಿನುಗಬಹುದು. ದೀಪದ ಎಣ್ಣೆ ಎರಡು ವಿಡಿಯೊಗೊಮ್ಮೆ ತುಂಬಿಸಿ, ಎಲ್ಲದರಲ್ಲೂ ಒಂದೇ ಮಟ್ಟ ಕಾಣಬೇಕು.

ಎದ್ದ ತಕ್ಷಣ ಹಾಡಬೇಡಿ ಅತ್ತೆ, ಗಂಟಲು ಬಿಟ್ಟಿರಲ್ಲ. ಮೊದಲು ಮಾತು: 1 (ಧನುರ್ಮಾಸ ಅಂದರೆ ಏನು), 2 (ಬೆಳಗಿನ ಜಾವವೇ ಯಾಕೆ), 15 (ವೈಕುಂಠ ಏಕಾದಶಿ), 16 (ದ್ವಾದಶಿ ಪಾರಣೆ), 30 (ಮುಗಿಸುವ ಮಾತು). ಅಷ್ಟು ಹೊತ್ತಿಗೆ ಗಂಟಲು ಬಿಸಿಯಾಗಿರುತ್ತೆ. ಆಮೇಲೆ ಹಾಡಿನ ಮೂರು: 8, 14, 22. ಶ್ರುತಿಪೆಟ್ಟಿಗೆ ಮೂರರಲ್ಲೂ ಒಂದೇ ಶ್ರುತಿಗೆ ಇರಲಿ.

15ನೆಯದನ್ನು ಮರೆಯದೆ ಎರಡು ಸಲ ತೆಗೆಯಬೇಕು. ಡಿಸೆಂಬರ್ 30ಕ್ಕೆ ಹೋಗುವ ವಿಡಿಯೊ, ಇಡೀ ತಿಂಗಳಲ್ಲಿ ಜನ ಜಾಸ್ತಿ ನೋಡೋದು ಅದೇ ಅಂತ ನನ್ನ ಲೆಕ್ಕ.

ಇನ್ನೊಂದು ಎಚ್ಚರ: ಪಕ್ಕದ ಬೀದಿ ದೇವಸ್ಥಾನದ ಮೈಕು 6 ಗಂಟೆಗೆ ಶುರು. ಹಾಡಿನ ಮೂರು ಅದಕ್ಕೆ ಮೊದಲೇ ಮುಗಿಯಬೇಕು. ಹೋದ ವರ್ಷ ಹಿಂದಿನಿಂದ ಕ್ಯಾಸೆಟ್ ಹಾಡು ಕೇಳಿಸಿ ನಾಲ್ಕು ವಿಡಿಯೊಗೆ ಕಾಪಿರೈಟ್ ಕ್ಲೇಮ್ ಬಂದಿತ್ತು. ಮೈಕು ಬೇಗ ಶುರುವಾದರೆ ಬಾಗಿಲು ಹಾಕಿ 16 ಮತ್ತು 30 ಮುಗಿಸಿಕೊಂಡು, ಹಾಡನ್ನು ಕೊನೆಗೆ ತಳ್ಳೋಣ.

ಎರಡನೇ ಬ್ಯಾಚ್, 6:25ರಿಂದ 7:20: ತುಳಸಿ ಕಟ್ಟೆ, 7 ವಿಡಿಯೊ

ಸೂರ್ಯ ಹುಟ್ಟುವ ಹೊತ್ತು. ಮೊದಲ ಅರ್ಧ ಗಂಟೆ ಬೆಳಕು ಮೆತ್ತಗಿರುತ್ತೆ, ಲೈಟೇ ಬೇಡ. ರಂಗೋಲಿ 6 ಗಂಟೆಗೇ ಮುಗಿದಿರಲಿ, ಆದರೆ ಒಂದು ಮೂಲೆ ಖಾಲಿ ಬಿಡಿ. 3ನೇ ವಿಡಿಯೊದಲ್ಲಿ ಅತ್ತೆ ಅದನ್ನು ಪೂರ್ತಿ ಮಾಡುತ್ತಾರೆ. 4: ತುಳಸಿ ವನದಲ್ಲಿ ವಿಷ್ಣುಚಿತ್ತರಿಗೆ ಆಂಡಾಳ್ ಸಿಕ್ಕ ಕಥೆ. 9: ತುಳಸಿ ಕೀಳುವ ರೀತಿ. 11: ದೇವರಿಗೆ ಕಟ್ಟಿದ ಮಾಲೆಯನ್ನು ತಾನೇ ಮುಡಿದು ನೋಡಿದ ಹುಡುಗಿ. 18: ಹೊಸ್ತಿಲಿಗೆ ಅರಿಶಿನ. 23: ಹಸುವಿಗೆ ಬಾಳೆಹಣ್ಣು, ಹಾಲು ಕೊಡುವವರ ಹಸು 7ಕ್ಕೆ ಬರುತ್ತೆ, ಹೇಳಿಟ್ಟಿದ್ದೇನೆ. ಬರದಿದ್ದರೆ ಬರೀ ಮಾತು. 24: ಚಳಿಯಲ್ಲಿ ಮಕ್ಕಳನ್ನು ಎಬ್ಬಿಸೋದು ಹೇಗೆ.

ಇಲ್ಲಿ ಹಸಿರು ಸೀರೆ ಬೇಡ, ಗಿಡದ ಜೊತೆ ಕಲಸಿಹೋಗುತ್ತೆ. ಆ ಸಾಸಿವೆ ಬಣ್ಣದ್ದು ಉಡಿ. ಸಣ್ಣ ಚೌಕಳಿ ಸೀರೆ ಯಾವ ಬ್ಯಾಚಿಗೂ ಬೇಡ, ಮೊಬೈಲಿನಲ್ಲಿ ಅದು ಅಲೆ ಅಲೆ ಕುಣಿಯುತ್ತೆ.

ಇದೇ ಹೊತ್ತಿಗೆ ಅಡಿಗೆ ಮನೆಯಲ್ಲಿ ತಂಗಿಯ ಕೆಲಸ, 4 ವಿಡಿಯೊ. 6: ಹುಗ್ಗಿ, ಅಕ್ಕಿಗೆ ಸಮ ಹೆಸರುಬೇಳೆ. 7: ಮೆಣಸು, ಜೀರಿಗೆ, ತುಪ್ಪದ ಒಗ್ಗರಣೆ. 12: ಜೊತೆಗೆ ಹುಣಸೆ ಗೊಜ್ಜು. 27: ಅಕ್ಕಾರವಡಿಸಲ್, ಬೆಲ್ಲ ತುಪ್ಪದ ಸಿಹಿ ಅನ್ನ. ಇದು ಜನವರಿ 11ರ ಕೂಡಾರೈ ದಿನಕ್ಕೆ, ಮೊಣಕೈ ತನಕ ತುಪ್ಪ ಸೋರಬೇಕು ಅಂತ ಆಂಡಾಳ್ ಹಾಡಿದ ತಿರುಪ್ಪಾವೈಯ ಆ ದಿನದ ಪಾಶುರದಲ್ಲೇ ಇದೆ, ಚಿಕ್ಕಮ್ಮ ತುಪ್ಪಕ್ಕೆ ಕೈ ಹಿಡಿಯಬೇಡಿ. ಮೊಬೈಲ್ ಪಾತ್ರೆಗೆ ನೇರ ಮೇಲೆ ಬೇಡ, ಹಬೆ ಕೂತು ಲೆನ್ಸ್ ಮಂಜಾಗುತ್ತೆ. ಪಕ್ಕದಿಂದ ಹಿಡಿ. ಕುಕ್ಕರ್ ಇಡಬೇಡಿ, ಸೀಟಿ ತುಳಸಿ ಕಟ್ಟೆ ತನಕ ಕೇಳಿಸುತ್ತೆ.

7:20ಕ್ಕೆ ನೈವೇದ್ಯ, ಆರತಿ (ಒಂದೇ ಸಲ!), ಆಮೇಲೆ ಅದೇ ಹುಗ್ಗಿ ತಿಂಡಿ. ಅಷ್ಟರಲ್ಲಿ ನಾನು ಎರಡೂ ಮೊಬೈಲಿನ ವಿಡಿಯೊ ಲ್ಯಾಪ್‌ಟಾಪಿಗೆ ಹಾಕುತ್ತೇನೆ. ಇಡೀ ಬೆಳಗಿಗೆ ಹತ್ತು ಹನ್ನೆರಡು ಜಿಬಿ ಬರಬಹುದು. ಎರಡೂ ಮೊಬೈಲಿನಲ್ಲಿ 30 ಜಿಬಿ ಖಾಲಿ ಇರಲಿ. ಫೈಲಿನ ಹೆಸರು ಹೀಗೆ, ವಿಡಿಯೊ ನಂಬರ್, ಆಮೇಲೆ ಟೇಕ್:

```
DM15_T2.mp4
```

ಮೂರನೇ ಬ್ಯಾಚ್, 8:15ರಿಂದ 10:00: ಜಗುಲಿ, 11 ವಿಡಿಯೊ

ಉದ್ದದ ಬ್ಯಾಚ್ ಇದೇ, ಬೇಜಾರು ಬರೋದೂ ಇಲ್ಲೇ. ಒಂದೇ ಕುರ್ಚಿ, ಒಂದೇ ಕಂಬ. ಸೀರೆ ಮಾತ್ರ ಎರಡು. ಅಕ್ಕಪಕ್ಕದ ದಿನಗಳಲ್ಲಿ ಒಂದೇ ಸೀರೆ ಕಂಡರೆ ಎಲ್ಲ ಒಂದೇ ದಿನ ತೆಗೆದದ್ದು ಅಂತ ಗೊತ್ತಾಗಿಬಿಡುತ್ತೆ, ಅದಕ್ಕೇ ಈ ಬ್ಯಾಚಿನ ನಂಬರ್ ಹೀಗೆ ಹೆಣೆದಿದ್ದೇನೆ.

ಮರೂನ್ ಸೀರೆಯಲ್ಲಿ ಆರು. 5: ತಿರುಪ್ಪಾವೈಯ 30 ಪಾಶುರ, ದಿನಕ್ಕೊಂದು. 13: ತಿರುಮಲದಲ್ಲಿ ಈ ತಿಂಗಳು ಸುಪ್ರಭಾತದ ಬದಲು ತಿರುಪ್ಪಾವೈ. 19: ರಾಮಾನುಜರಿಗೆ ತಿರುಪ್ಪಾವೈ ಜೀಯರ್ ಅನ್ನುವ ಹೆಸರು. 21: ತಿರುಪ್ಪಾವೈಯಲ್ಲಿ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸೋದು. 26: ಶ್ರೀರಂಗದ ಹಗಲು ಹತ್ತು, ಇರುಳು ಹತ್ತು ಉತ್ಸವ. 29: ಈ ತಿಂಗಳು ಮದುವೆ ಯಾಕಿಲ್ಲ.

ಹತ್ತು ನಿಮಿಷದಲ್ಲಿ ಸೀರೆ ಬದಲು. ನೀಲಿ ಸೀರೆಯಲ್ಲಿ ಐದು. 10: ತಿಂಗಳುಗಳಲ್ಲಿ ನಾನು ಮಾರ್ಗಶಿರ ಅಂತ ಕೃಷ್ಣ ಗೀತೆಯ ಹತ್ತನೇ ಅಧ್ಯಾಯದಲ್ಲಿ ಹೇಳಿದ್ದು. 17: ತಿರುಮಲದಲ್ಲಿ ಹತ್ತು ದಿನ ತೆರೆದಿರುವ ವೈಕುಂಠ ದ್ವಾರ. 20: ಮೇಲುಕೋಟೆ (ಪುಳಿಯೋಗರೆ ಸುದ್ದಿ ಎತ್ತಬೇಡಿ ಅತ್ತೆ, ಹತ್ತು ನಿಮಿಷ ಹೋಗುತ್ತೆ). 25: ತಿರುಪ್ಪಾವೈಯ ವ್ರತದಲ್ಲಿ ತುಪ್ಪ ಬೇಡ, ಹಾಲು ಬೇಡ, ಕಾಡಿಗೆ ಬೇಡ. ಇದು 27ರ ಅಕ್ಕಾರವಡಿಸಲ್‌ಗೆ ಮುಂಚೆಯೇ ಹೋಗಬೇಕು, ಅಲ್ವಾ? ಬಿಟ್ಟ ತುಪ್ಪ ಮತ್ತೆ ಸಿಕ್ಕಾಗಲೇ ಅದರ ರುಚಿ. 28: ದಕ್ಷಿಣಾಯನ, ಉತ್ತರಾಯಣ.

ಪ್ರತಿ ವಿಡಿಯೊಗೆ ಹೆಚ್ಚೆಂದರೆ ಮೂರು ಟೇಕ್. ಮೂರಕ್ಕೂ ಬರದಿದ್ದರೆ ಮುಂದಿನದಕ್ಕೆ ಹೋಗೋಣ. ನಾಲ್ಕನೆಯದರಲ್ಲಿ ಅತ್ತೆ ಮುಖ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಥರ ಆಗುತ್ತೆ. 8:30ರ ಆಸುಪಾಸು ಕಸದ ಗಾಡಿಯ ಹಾಡು ಬರುತ್ತೆ, ಆಗ ನೀರು ಕುಡಿಯುವ ಬ್ರೇಕ್. ಕಾಲರ್ ಮೈಕು ತಾಳಿ ಸರಕ್ಕೆ ತಗುಲದ ಹಾಗೆ ಎಡಭುಜದ ಸೆರಗಿನ ಮಡಿಕೆಗೆ ಹಾಕಬೇಕು. ಫ್ಯಾನ್ ಬಂದ್.

ಮೊದಲ ವಿಡಿಯೊದ ಮಾತನ್ನು ಪೂರ್ತಿ ಬರೆದಿಟ್ಟಿದ್ದೇನೆ. 45 ಸೆಕೆಂಡಿಗೆ ಎಷ್ಟು ಮಾತು ಹಿಡಿಸುತ್ತೆ ಅಂತ ಇದರಲ್ಲಿ ನೋಡಿಕೊಳ್ಳಿ. ಉಳಿದದ್ದಕ್ಕೆ ಮೂರು ಸಾಲಿನ ಚೀಟಿ ಸಾಕು. ನೀವು ಓದಿದರೆ ಪಾಠ ಆಗುತ್ತೆ, ಹೇಳಿದರೆ ಕಥೆ ಆಗುತ್ತೆ.

"ನಮಗೆ ಒಂದು ವರ್ಷ ಆದರೆ ದೇವತೆಗಳಿಗೆ ಒಂದೇ ದಿನವಂತೆ. ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ರಾತ್ರಿ. ಹಾಗಾದರೆ ರಾತ್ರಿ ಮುಗಿದು ಬೆಳಗಾಗುವ ಮುಂಚಿನ ಹೊತ್ತು ಯಾವುದು? ಸೂರ್ಯ ಧನು ರಾಶಿಯಲ್ಲಿರುವ ಈ ತಿಂಗಳು. ದೇವತೆಗಳ ಬೆಳಗಿನ ಜಾವ. ನಮ್ಮಮ್ಮ ಚಳಿಯಲ್ಲಿ ನಮ್ಮನ್ನು ಎಬ್ಬಿಸಿ, ದೇವರೇ ಏಳುವ ಹೊತ್ತು, ನಿನಗೇನು ನಿದ್ದೆ ಅಂತಿದ್ದರು. ಕಣ್ಣು ಉಜ್ಜಿಕೊಂಡು ಬಂದರೆ ಬಿಸಿ ಹುಗ್ಗಿ. ನಿಜ ಹೇಳಬೇಕು ಅಂದರೆ ನಾವು ಏಳುತ್ತಿದ್ದದ್ದು ಆ ಹುಗ್ಗಿಗೆ."

ಕೊನೆಯ ಸಾಲಿಗೆ ನಕ್ಕರೆ ನಗಲಿ, ಕಟ್ ಮಾಡಲ್ಲ.

10:10ರಿಂದ 11:15

ಅಡಿಗೆಯ ನಾಲ್ಕಕ್ಕೆ ಬರೀ ಧ್ವನಿ, ಬಟ್ಟೆ ಬೀರು ಇರುವ ಕೋಣೆಯಲ್ಲಿ. ಬೀರು ಬಾಗಿಲು ತೆಗೆದಿಟ್ಟರೆ ಗೋಡೆ ಮಾರ್ದನಿ ಕಮ್ಮಿ. 10:40ರಿಂದ ಚಿಕ್ಕಪ್ಪನ ನೋಟ್‌ಬುಕ್ ತೆಗೆದು ಉಳಿದ ರಿಟೇಕ್. ಅತ್ತೆ ಧ್ವನಿ ಒಡೆದಿದ್ದರೆ ಅಲ್ಲಿಗೇ ನಿಲ್ಲಿಸೋಣ, 26 ವಿಡಿಯೊ ಆದರೂ ಸಾಕು. ಬಾಕಿ ನಾಲ್ಕು ದಿನಕ್ಕೆ ದೀಪದ ಶಾಟ್ ಮೇಲೆ ಅಕ್ಷರ ಹಾಕುತ್ತೇನೆ. 15 ಮತ್ತು 27 ಮಾತ್ರ ಬಿಡುವ ಹಾಗಿಲ್ಲ.

ಮಳೆ ಬಂದರೆ ತುಳಸಿ ಕಟ್ಟೆಯ ಏಳೂ ಜಗುಲಿಗೆ ಬರುತ್ತೆ, ರಂಗೋಲಿ ಒಳಗೆ ಮಣೆ ಮೇಲೆ.

ಎಲ್ಲ ವಿಡಿಯೊಗೂ ಮೊಬೈಲ್ ನೆಟ್ಟಗೆ ಹಿಡಿಯಬೇಕು, ಅಳತೆ 9:16, 1080x1920, ಸೆಕೆಂಡಿಗೆ 30 ಫ್ರೇಮ್. ತಲೆ ಮೇಲೆ, ಎದೆ ಕೆಳಗೆ ಸ್ವಲ್ಪ ಜಾಗ ಬಿಡಬೇಕು, ಅಲ್ಲಿ ಅಕ್ಷರ ಬರುತ್ತೆ. ದಿನಾ ಬೆಳಗ್ಗೆ 5ಕ್ಕೆ ಅಪ್‌ಲೋಡ್, ಶೆಡ್ಯೂಲ್ ನಾನು ಹಾಕುತ್ತೇನೆ.

ಶನಿವಾರ ರಾತ್ರಿ: ಎರಡು ಮೊಬೈಲ್, ಎರಡು ಪವರ್ ಬ್ಯಾಂಕ್, ಮೈಕು ಚಾರ್ಜಿಗೆ. ಶೂಟಿಂಗ್ ವೇಳೆ ಏರೋಪ್ಲೇನ್ ಮೋಡ್, ಚಿಕ್ಕಪ್ಪ, ನಿಮ್ಮದೂ ಸೇರಿ. ಹೂವು ಸಂಜೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಮಾಲೆ ಎರಡು ಬೇಕು, ಒಂದು 9 ಗಂಟೆ ಹೊತ್ತಿಗೆ ಬಾಡಿರುತ್ತೆ. ಅತ್ತೆ, ರಾತ್ರಿ ಮೊಸರು ಬೇಡ, ಫೋನಿನಲ್ಲಿ ಅಕ್ಕನ ಜೊತೆ ಒಂದು ಗಂಟೆ ಮಾತೂ ಬೇಡ. ಬಿಸಿನೀರು, ಒಂದು ಚೂರು ಕಲ್ಲುಸಕ್ಕರೆ, 9ಕ್ಕೆ ಮಲಗಿ.