ಕಪ್ಪುಕುಳಿ ಏನನ್ನೂ ಹೀರುವುದಿಲ್ಲ: ಹೈಸ್ಕೂಲ್ ಮಕ್ಕಳಿಗೊಂದು ವಿಡಿಯೊ ಸ್ಕ್ರಿಪ್ಟ್

ಜಾಗ: ಹೈಸ್ಕೂಲಿನ ವಿಜ್ಞಾನ ಕೊಠಡಿ. ಅವಧಿ ಸುಮಾರು 7 ನಿಮಿಷ.

ಮಾತಾಡುವವರು: ಅಕ್ಕ (ವಿಜ್ಞಾನ ಕ್ಲಬ್ ನಡೆಸುವವರು), ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಒಬ್ಬಳು ಹುಡುಗಿ.

ಬೇಕಾದದ್ದು: ಕಡ್ಡಿ ತೆಗೆದ ಹಳೇ ಸೈಕಲ್ ರಿಮ್, ತೆಳು ರಬ್ಬರ್ ಶೀಟು, ಕ್ಲಿಪ್ಪುಗಳು, ಗೋಲಿಗಳು, ಒಂದು ಕೆ.ಜಿ. ಮರಳು ತುಂಬಿದ ದುಂಡನೆ ಚೀಲ, ಒಂದು ಕೆ.ಜಿ. ಕಬ್ಬಿಣದ ತೂಕದ ಬಟ್ಟು, ಸ್ಕೇಲು, ಸೀಮೆಸುಣ್ಣ.

ಎಡಿಟ್ ಮಾಡುವವರಿಗೆ: ಢಂ ಢಂ ಸಂಗೀತ ಬೇಡ. ‘ರಾಕ್ಷಸ’, ‘ನುಂಗಣ್ಣ’ ಅಂತೆಲ್ಲ ಥಂಬ್‌ನೇಲ್ ಮೇಲೆ ಬರೆಯಬೇಡಿ. ಗೋಲಿ ಉರುಳುವ ಸದ್ದು ಕೇಳಿಸಿದರೆ ಸಾಕು.

[ರಿಮ್ಮಿಗೆ ಬಿಗಿದ ಶೀಟು. ಮೇಲಿನಿಂದ ಕ್ಯಾಮೆರಾ.]

ಅಕ್ಕ: ನಮಸ್ಕಾರ. ಸೈಕಲ್ ರಿಮ್ಮಿಗೆ ರಬ್ಬರ್ ಶೀಟನ್ನು ಎಳೆದು ಕ್ಲಿಪ್ ಹಾಕಿದ್ದೇವೆ. ಇವತ್ತು ಇದನ್ನಿಟ್ಟುಕೊಂಡು ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್ ಬಗ್ಗೆ ಮಾತಾಡೋಣ. ಈ ಶೀಟು ಕೆಲವನ್ನು ಚೆನ್ನಾಗಿ ತೋರಿಸುತ್ತದೆ. ಕೆಲವು ಕಡೆ ದಾರಿ ತಪ್ಪಿಸುತ್ತದೆ. ಎಲ್ಲಿ ಅಂತ ನೀವೇ ಹಿಡಿಯಬೇಕು. ಬಾರಪ್ಪ, ಒಂದು ಗೋಲಿ ಉರುಳಿಸು.

[ಗೋಲಿ ನೇರವಾಗಿ ದಾಟುತ್ತದೆ. ಅಕ್ಕ ನಡುವೆ ಮರಳಿನ ಚೀಲ ಇಡುತ್ತಾರೆ. ಶೀಟು ತಗ್ಗುತ್ತದೆ.]

ಅಕ್ಕ: ಈಗ ಉರುಳಿಸು. ದಾರಿ ಬಾಗಿತು, ಅಲ್ವಾ? ಚೀಲ ಗೋಲಿಯನ್ನು ಮುಟ್ಟಲೇ ಇಲ್ಲ. ಶೀಟು ಬಾಗಿತ್ತು, ಗೋಲಿ ಆ ಬಾಗಿನಲ್ಲಿ ಹೋಯಿತು. 1915ರಲ್ಲಿ ಐನ್‌ಸ್ಟೈನ್ ಹೇಳಿದ್ದು ಹೆಚ್ಚುಕಡಿಮೆ ಇದೇ. ದ್ರವ್ಯರಾಶಿ ಇರುವ ಕಡೆ ಜಾಗವೂ ಕಾಲವೂ ಬಾಗುತ್ತವೆ. ಆ ಬಾಗಿಗೆ ನಾವಿಟ್ಟ ಹೆಸರು ಗುರುತ್ವ. ಈ ಸಲ ಪಕ್ಕಕ್ಕೆ ತಳ್ಳು, ಸುತ್ತಲಿ.

[ಗೋಲಿ ಕೆಲವು ಸುತ್ತು ಹಾಕಿ ಒಳಕ್ಕೆ ಜಾರಿ ಚೀಲಕ್ಕೆ ತಾಗುತ್ತದೆ.]

ಹುಡುಗ: ನೋಡಿ ಅಕ್ಕ, ಕೊನೆಗೆ ಎಳೆದುಕೊಂಡೇಬಿಟ್ಟಿತು!

ಅಕ್ಕ: ಶೀಟಿನ ಮೊದಲ ಸುಳ್ಳು ಇಲ್ಲೇ. ಗೋಲಿ ಒಳಗೆ ಹೋದದ್ದು ಯಾಕೆ? ರಬ್ಬರಿಗೆ ಉಜ್ಜಿ ಉಜ್ಜಿ ವೇಗ ಕಡಿಮೆಯಾಯಿತು, ಅದಕ್ಕೆ. ಬಾಹ್ಯಾಕಾಶದಲ್ಲಿ ಉಜ್ಜುವುದಕ್ಕೆ ಹೆಚ್ಚೇನೂ ಇಲ್ಲ. ಭೂಮಿ ಸುಮಾರು 450 ಕೋಟಿ ವರ್ಷದಿಂದ ಸುತ್ತುತ್ತಲೇ ಇದೆ, ಸೂರ್ಯನೊಳಗೆ ಬಿದ್ದಿಲ್ಲ. ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಈಗ ಅಸಲಿ ಪ್ರಯೋಗ.

[ಚೀಲದ ಸುತ್ತ ದೂರದಲ್ಲಿ ಸೀಮೆಸುಣ್ಣದಿಂದ ವೃತ್ತ. ಹುಡುಗಿ ರಿಮ್ಮಿನ ಮಟ್ಟದಿಂದ ವೃತ್ತದ ಹತ್ತಿರದ ತಗ್ಗನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳುತ್ತಾಳೆ. ಚೀಲ ತೆಗೆದು ಅದೇ ಜಾಗದಲ್ಲಿ ಕಬ್ಬಿಣದ ಬಟ್ಟು ಇಡುತ್ತಾರೆ. ನಡುವೆ ಶೀಟು ಆಳಕ್ಕೆ ಇಳಿಯುತ್ತದೆ.]

ಅಕ್ಕ: ತೂಕ ಅದೇ ಒಂದು ಕೆ.ಜಿ. ಗಾತ್ರ ಮಾತ್ರ ಚಿಕ್ಕದು. ನಡುವೆ ಎಷ್ಟು ಕಡಿದಾಗಿದೆ ನೋಡಿ. ವೃತ್ತದ ಹತ್ತಿರ ಎಷ್ಟು ಬಂತಮ್ಮ?

ಹುಡುಗಿ: ಅಲ್ಲಿ ಮೊದಲಿನಷ್ಟೇ ಇದೆಯಲ್ಲ ಅಕ್ಕ!

[ಸ್ಕೇಲಿನ ಕ್ಲೋಸಪ್. ಮೂರು ಸೆಕೆಂಡು ಸುಮ್ನೆ ಬಿಡಿ.]

ಅಕ್ಕ: ಹೌದು. ಹೊರಗಿನ ಇಳಿಜಾರು ಒಟ್ಟು ತೂಕವನ್ನಷ್ಟೇ ಕೇಳುತ್ತದೆ. ಗಾತ್ರವನ್ನು ಕೇಳುವುದಿಲ್ಲ. ಈಗ ಸೂರ್ಯನನ್ನು ತೆಗೆದು ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇಟ್ಟರೆ ಭೂಮಿ ಏನು ಮಾಡುತ್ತದೆ?

ಹುಡುಗ: ಒಳಗೆ... ಇಲ್ಲ ಇಲ್ಲ, ಹಾಗೇ ಸುತ್ತುತ್ತದೆ.

ಅಕ್ಕ: ಅದೇ ದಾರಿ, ಅದೇ 365 ದಿನ. ಬೆಳಕಿಲ್ಲದೆ ಚಳಿಗೆ ಸಾಯುತ್ತೇವೆ, ಅದು ಬೇರೆ ಮಾತು. ನಮ್ಮ ಸೂರ್ಯ ಕಪ್ಪುಕುಳಿ ಆಗುವುದೂ ಇಲ್ಲ, ಅಷ್ಟು ತೂಕ ಅದಕ್ಕಿಲ್ಲ. ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ನಕ್ಷತ್ರಗಳಲ್ಲಿ ಕೆಲವಕ್ಕೆ ಮಾತ್ರ ಆ ಗತಿ. ಇಂಧನ ಮುಗಿದಾಗ ಅವುಗಳ ನಡುಭಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಹುಡುಗಿ: ಎಷ್ಟು ಚಿಕ್ಕದಾದರೆ ಕಪ್ಪುಕುಳಿ ಅನ್ನುತ್ತಾರೆ?

ಅಕ್ಕ: ಭೂಮಿಯಿಂದ ಪೂರ್ತಿ ತಪ್ಪಿಸಿಕೊಳ್ಳಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು. ಅದೇ ಭೂಮಿಯನ್ನು ಒತ್ತಿ ಒತ್ತಿ ಚಿಕ್ಕದು ಮಾಡಿದರೆ ಮೇಲ್ಮೈಯಿಂದ ಹೊರಡಲು ಇನ್ನೂ ಜಾಸ್ತಿ ವೇಗ ಬೇಕಾಗುತ್ತದೆ. ಕೊನೆಗೆ ಒಂದು ಗಾತ್ರದಲ್ಲಿ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕಿಗೂ ಆಗುವುದಿಲ್ಲ. ಭೂಮಿಗೆ ಆ ತ್ರಿಜ್ಯ ಸುಮಾರು 9 ಮಿಲಿಮೀಟರ್. [ಗೋಲಿ ಹಿಡಿದು] ಇದಕ್ಕಿಂತ ಒಂಚೂರು ದಪ್ಪ, ಅಷ್ಟೆ. ಸೂರ್ಯನಿಗೆ 3 ಕಿ.ಮೀ. ಆ ಗಡಿಯ ಹೆಸರು ಈವೆಂಟ್ ಹೊರೈಜನ್. ಅಲ್ಲಿ ಗೋಡೆ ಇಲ್ಲ, ನೆಲ ಇಲ್ಲ. ಅದನ್ನು ದಾಟಿದ ಮೇಲೆ ಹೊರಗೆ ಬರುವ ದಾರಿ ಇಲ್ಲ, ಇಷ್ಟೇ. ಇದನ್ನು ಶೀಟು ತೋರಿಸಲಾರದು. ಇಲ್ಲಿ ಎಷ್ಟೇ ಆಳದಲ್ಲಿದ್ದರೂ ಗೋಲಿಯನ್ನು ಕೈಹಾಕಿ ತೆಗೆಯಬಹುದು.

ಹುಡುಗ: ಕಾಣುವುದೇ ಇಲ್ಲ ಅಂದರೆ ಇದೆ ಅಂತ ಹೇಗೆ ಗೊತ್ತು?

ಅಕ್ಕ: ಸುತ್ತ ಓಡುವ ಗೋಲಿ ನೋಡಿ! ನಮ್ಮ ಆಕಾಶಗಂಗೆಯ ನಡುವೆ, ಸುಮಾರು 26 ಸಾವಿರ ಬೆಳಕಿನ ವರ್ಷ ದೂರದಲ್ಲಿ, ಎಸ್2 ಎಂಬ ನಕ್ಷತ್ರ ಯಾವುದೋ ಕಾಣದ ವಸ್ತುವನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. ಲೆಕ್ಕ ಹಾಕಿದರೆ ನಡುವಿನ ವಸ್ತು ಸುಮಾರು 43 ಲಕ್ಷ ಸೂರ್ಯರಷ್ಟು ಭಾರ. ಅಷ್ಟು ಭಾರ, ಅಷ್ಟು ಚಿಕ್ಕ ಜಾಗ. ವರ್ಷಗಟ್ಟಲೆ ಇದರ ಬೆನ್ನು ಹತ್ತಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

[2019ರ ಎಂ87 ಚಿತ್ರ.]

ಅಕ್ಕ: ಈ ಚಿತ್ರ ನೋಡಿರುತ್ತೀರಿ. ಎಂ87 ಎಂಬ ಬೇರೊಂದು ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯದು. ಕಿತ್ತಳೆ ಬಣ್ಣ ಬೆಂಕಿಯದಲ್ಲ. ಹಿಡಿದದ್ದು ರೇಡಿಯೊ ಅಲೆ, ನಮ್ಮ ಕಣ್ಣಿಗೆ ಕಾಣದ್ದು. ಬಣ್ಣ ಆಮೇಲೆ ಕೊಟ್ಟದ್ದು. ಹೊಳೆಯುತ್ತಿರುವುದು ಸುತ್ತಲಿನ ಬಿಸಿ ಅನಿಲ. ಅಲ್ಲಿ ಅನಿಲ ಅನಿಲಕ್ಕೆ ಉಜ್ಜುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ, ಒಳಗೆ ಇಳಿಯುತ್ತದೆ. ಮೊದಲ ಗೋಲಿ ನೆನಪಿದೆಯಾ? ಅದರ ಕಥೆ ಈ ಅನಿಲಕ್ಕೆ ಸ್ವಲ್ಪ ಹೊಂದುತ್ತದೆ.

ಇನ್ನೊಂದು ಸಾಕ್ಷಿಗೆ ನಮ್ಮ ಬೆಂಗಳೂರಿನ ನಂಟಿದೆ. ಅಲುಗಿಸಿದ ಕಪ್ಪುಕುಳಿ ಹೇಗೆ ಕಂಪಿಸಿ ಶಾಂತವಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಸಿ.ವಿ. ವಿಶ್ವೇಶ್ವರ. ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವ ಅಲೆಯನ್ನು, ಅಂದರೆ ಜಾಗ ಮತ್ತು ಕಾಲದಲ್ಲೇ ಎದ್ದ ಕಂಪನವನ್ನು, ಹಿಡಿದವು. ಅಲೆಯ ಕೊನೆಯ ಭಾಗ ಅವರು ಹೇಳಿದ ಹಾಗೆಯೇ ಅಡಗಿತು.

ಹುಡುಗಿ: ಶೀಟಿನ ಇನ್ನೊಂದು ಸುಳ್ಳು ನಾನು ಹೇಳಲಾ? ಗೋಲಿ ಇಳಿಯುವುದು ಕೆಳಗೆ ಭೂಮಿ ಎಳೆಯುತ್ತಿರುವುದಕ್ಕೆ.

ಅಕ್ಕ: ಶಭಾಷ್! ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಬಳಸುತ್ತಿದ್ದೇವೆ. ಇನ್ನೂ ದೊಡ್ಡ ಕೊರತೆ ಎಂದರೆ, ಇಲ್ಲಿ ಕಾಲವೇ ಇಲ್ಲ. ಭಾರದ ವಸ್ತುವಿನ ಹತ್ತಿರ ಗಡಿಯಾರ ನಿಧಾನ. ಜಿಪಿಎಸ್ ಉಪಗ್ರಹ ಎತ್ತರದಲ್ಲಿದೆ, ಅದಕ್ಕೆ ಅಲ್ಲಿನ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಓಡುವ ವೇಗದಿಂದ 7 ಹಿಂದೆ ಬೀಳುತ್ತದೆ. ಉಳಿದದ್ದು 38. ಅಷ್ಟರಲ್ಲಿ ಬೆಳಕು 11 ಕಿ.ಮೀ. ದಾಟಿರುತ್ತದೆ. ಸರಿಪಡಿಸದಿದ್ದರೆ ಮ್ಯಾಪ್ ನಂಬಿ ಹೊರಟವರ ಗತಿ ಗೋವಿಂದ. ಗ್ರಹಗಳಂಥ ನಿಧಾನದ ವಸ್ತುಗಳ ಮಟ್ಟಿಗೆ ಗುರುತ್ವದ ಬಹುಪಾಲು ಕೆಲಸ ಕಾಲ ಬಾಗುವುದರಿಂದಲೇ ಆಗುತ್ತದೆ.

ಹುಡುಗ: ಒಳಗೆ ಬಿದ್ದರೆ ಏನಾಗುತ್ತದೆ ಅಕ್ಕ?

ಅಕ್ಕ: ಇದನ್ನು ಕೇಳದೆ ಬಿಡುತ್ತೀರಾ! ಕಪ್ಪುಕುಳಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹತ್ತು ಸೂರ್ಯರಷ್ಟು ಭಾರದ್ದಾದರೆ ಕಾಲಿಗೂ ತಲೆಗೂ ಎಳೆತದಲ್ಲಿ ಭಾರೀ ವ್ಯತ್ಯಾಸ. ಗಡಿಗೆ ಮುಂಚೆಯೇ ದೇಹ ಹರಿಯುತ್ತದೆ. ಎಂ87ರದ್ದು ಸುಮಾರು 650 ಕೋಟಿ ಸೂರ್ಯರಷ್ಟು ಭಾರ. ಅದರ ಗಡಿ ಎಷ್ಟು ದೊಡ್ಡದೆಂದರೆ, ಅಲ್ಲಿ ಆ ವ್ಯತ್ಯಾಸ ತೀರಾ ಕಡಿಮೆ. ದಾಟಿದ್ದೇ ಗೊತ್ತಾಗದಿರಬಹುದು. ಅದರ ನಟ್ಟನಡುವೆ ಏನಿದೆ ಅನ್ನುವಲ್ಲಿ ಐನ್‌ಸ್ಟೈನರ ಸಮೀಕರಣಗಳು ಕೈಕೊಡುತ್ತವೆ. ಆ ಕೆಲಸ ಇನ್ನೂ ಬಾಕಿ ಇದೆ.

ಈಗ ನಿಮ್ಮ ಸರದಿ. ಎರಡು ಕೆ.ಜಿ. ಇಟ್ಟು ಅದೇ ವೃತ್ತದಲ್ಲಿ ಅಳೆಯಿರಿ. ತಗ್ಗು ಸರಿಯಾಗಿ ಎರಡರಷ್ಟಾಯಿತಾ? ಆಗದಿದ್ದರೆ ಶೀಟನ್ನು ಎಷ್ಟು ಬಿಗಿಯಾಗಿ ಎಳೆದಿದ್ದೀರಿ ನೋಡಿ. ಕ್ಲಿಪ್ ಜಾರಿದೆಯಾ ಅಂತಲೂ ನೋಡಿ. ಅಳತೆಯನ್ನು ಕಾಮೆಂಟಿನಲ್ಲಿ ಬರೆಯಿರಿ.